ತಾತ್ಕಾಲಿಕ ಕ್ರಮವೆಂದು ಕೂರಿಸಿದ ಮನುಷ್ಯ

ಅಥವಾ ಅದು ಸ್ಟೂಲೇ ಅಲ್ಲ, ಬೋರಲು ಹಾಕಿದ ಕಬ್ಬಿಣದ ಡಬ್ಬಿ ಇರಬೇಕು. ನೆನಪಿನಲ್ಲಿ ಮಾತ್ರ ಅವನು ಮರದ ಸ್ಟೂಲಿನ ಮೇಲೆ ಕೂತಿದ್ದಾನೆ, ಒಂದು ಕಾಲು ಮಡಚಿಕೊಂಡು, ಕತ್ತು ಮೇಲಕ್ಕೆತ್ತಿ. ಆದರೆ ಆ ಶೆಡ್ಡಿನೊಳಗೆ ಮರದ ಸಾಮಾನು ತರುವಂತಿರಲಿಲ್ಲ. ಬಾಗಿಲ ಮೇಲೆ ಮೂರು ಭಾಷೆಗಳಲ್ಲಿ ಹಾಗೆಂದು ಬರೆದಿತ್ತು. ಹಾಗಾದರೆ ಸ್ಟೂಲ್ ಎಲ್ಲಿಂದ ಬಂತು? ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅಂಥದ್ದೊಂದು ಇದೆ. ಅದನ್ನು ನಾನೇ ಹೊತ್ತುಕೊಂಡು ಹೋಗಿ ಅವನ ಕೆಳಗೆ ಇಟ್ಟಿರಬೇಕು, ಎಷ್ಟೋ ತಿಂಗಳುಗಳ ನಂತರ, ತಲೆಯೊಳಗೆ. ಇಲ್ಲಿ ಬರೆಯುವುದನ್ನೆಲ್ಲ ಇಷ್ಟೇ ನಂಬಿಕೆಯಿಂದ ಓದಬೇಕು. ಮನುಷ್ಯ ಇದ್ದದ್ದು ನಿಜ, ಕೂತಿದ್ದದ್ದು ನಿಜ. ಯಾವುದರ ಮೇಲೆ ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ.

ನಾನು ಕೇಂದ್ರ ಸರ್ಕಾರದ ಒಂದು ಕಂಪನಿಯ ಆಂತರಿಕ ಲೆಕ್ಕಪರಿಶೋಧನೆ ವಿಭಾಗದಲ್ಲಿದ್ದೆ. ಕಾರ್ಖಾನೆ ಊರಾಚೆ, ಮುಖ್ಯ ಕಚೇರಿ ಹಿಮಾಯತ್‌ನಗರದಲ್ಲಿ, ಸೀರೆ ಅಂಗಡಿಗಳ ಸಾಲಿನ ಮೇಲಿನ ಮಹಡಿಗಳಲ್ಲಿ. ಆಡಿಟ್ ಎಂದರೆ ಜನ ಬರೀ ಹಣದ ಲೆಕ್ಕ ಎಂದುಕೊಳ್ಳುತ್ತಾರೆ. ನಮ್ಮವರು ಯಂತ್ರ, ಗೋದಾಮು, ಸುರಕ್ಷತೆ ಎಲ್ಲವನ್ನೂ ನೋಡುತ್ತಿದ್ದರು. ಆದರೆ ನನ್ನ ಕೆಲಸ ಆಡಿಟ್ ಮಾಡುವುದಲ್ಲ, ಆಮೇಲಿನದು. ಆಡಿಟರುಗಳು ಹೋಗಿ ತಪ್ಪು ಕಂಡು ಶಿಫಾರಸು ಬರೆಯುತ್ತಾರೆ. ಆಯಾ ವಿಭಾಗದವರು ‘ಇಂಥ ದಿನದೊಳಗೆ ಸರಿಪಡಿಸುತ್ತೇವೆ’ ಎಂದು ಸಹಿ ಹಾಕುತ್ತಾರೆ. ಅಲ್ಲಿಂದಾಚೆ ಎಲ್ಲರೂ ಮರೆಯುತ್ತಾರೆ. ಮರೆಯಲು ಬಿಡದಿರುವುದು ನನ್ನ ಉದ್ಯೋಗ. ಒಂದೊಂದು ಶಿಫಾರಸಿಗೂ ಕಂಪ್ಯೂಟರಿನಲ್ಲಿ ಒಂದು ಸಾಲು: ತಪ್ಪೇನು, ಮಾಡಬೇಕಾದದ್ದೇನು, ಯಾರು, ಯಾವ ದಿನದೊಳಗೆ, ಆಯಿತೇ, ಆದದ್ದನ್ನು ಕಣ್ಣಾರೆ ಕಂಡವರು ಯಾರು. ಗಡುವು ದಾಟಿದರೆ ಸಾಲು ಕೆಂಪಾಗುತ್ತದೆ. ಮೊದಲು ಆ ಅಧಿಕಾರಿಗೆ ಜ್ಞಾಪನಪತ್ರ, ಆಮೇಲೆ ಅವರ ಮೇಲಿನವರಿಗೆ, ಆಮೇಲೆ ಡೈರೆಕ್ಟರರಿಗೆ. ಅಪಾಯ ‘ಹೆಚ್ಚು’ ಎಂದು ಗುರುತಿಸಿದವು ಇನ್ನೂ ಮೇಲೆ, ನಿರ್ದೇಶಕ ಮಂಡಳಿಯ ಆಡಿಟ್ ಸಮಿತಿಗೆ. ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ‘ತಕಾಜಾ ಮೇಡಂ ಆಯೀ’ ಎನ್ನುತ್ತಿದ್ದರು, ಸಾಲ ವಸೂಲಿಗೆ ಬಂದವಳನ್ನು ಕಂಡ ಹಾಗೆ.

ಆ ಮನುಷ್ಯನ ಸಾಲು ನಾನು ಆ ಮೇಜಿಗೆ ಬರುವ ಮೊದಲೇ ಇತ್ತು. ಮೋಟಾರುಗಳ ತಾಮ್ರದ ಸುರುಳಿಗಳನ್ನು ವಾರ್ನಿಶ್‌ನಲ್ಲಿ ಅದ್ದಿ, ಕೋಣೆಯಷ್ಟು ದೊಡ್ಡ ಓವನ್ನಿನಲ್ಲಿ ಒಣಗಿಸುವ ಶೆಡ್ಡಿಗೆ ಸಂಬಂಧಿಸಿದ್ದು. ಒಣಗುವಾಗ ವಾರ್ನಿಶ್‌ನಿಂದ ಆವಿ ಏಳುತ್ತದೆ, ಬೆಂಕಿ ಹಿಡಿಯುವ ಆವಿ. ಅದನ್ನು ಹೊರಗೆ ಎಳೆಯಲು ಛಾವಣಿಯ ಮೇಲೆ ಒಂದು ಫ್ಯಾನ್. ಗಾಳಿ ನಿಂತರೆ ಓವನ್ನಿನ ಹೀಟರ್ ತಾನಾಗಿ ಆರಬೇಕು, ಅದಕ್ಕೆ ಒಂದು ಸ್ವಿಚ್. ಹಳೆಯ ಸ್ವಿಚ್ ಕೆಟ್ಟು, ಗಾಳಿ ಸರಿಯಾಗಿ ಹೋಗುತ್ತಿದ್ದಾಗಲೂ ಹೀಟರ್ ಆರಿಸಿಬಿಡುತ್ತಿತ್ತು. ಕೆಲಸ ಕೆಡುತ್ತಿತ್ತು. ಯಾರೋ ಒಂದು ತುಂಡು ವೈರ್ ಹಾಕಿ ಆ ಸ್ವಿಚ್ಚು ಇದ್ದೂ ಇಲ್ಲದಂತೆ ಮಾಡಿದರು. ಆಡಿಟರುಗಳ ಕಣ್ಣಿಗೆ ಬಿದ್ದದ್ದು ಆ ವೈರ್. ಹೊಸ ಸ್ವಿಚ್ ಹಾಕಿ, ವೈರ್ ತೆಗೆದು, ಪರೀಕ್ಷಿಸಿ ತೋರಿಸಿ ಎಂದು ಬರೆದರು. ಅಪಾಯ: ಹೆಚ್ಚು.

ಆಗ ಉತ್ಪಾದನಾ ವಿಭಾಗದವರು ‘ತಾತ್ಕಾಲಿಕ ಕ್ರಮ’ ಎಂಬ ಕಾಲಮಿನಲ್ಲಿ ಒಂದು ವಾಕ್ಯ ತುಂಬಿದರು. ಹೊಸ ಸ್ವಿಚ್ ಬರುವವರೆಗೆ ಫ್ಯಾನ್ ನೋಡಿಕೊಳ್ಳಲು ಒಬ್ಬ ಸಿಬ್ಬಂದಿಯನ್ನು ನೇಮಿಸಲಾಗಿದೆ, ಫ್ಯಾನ್ ನಿಂತರೆ ಅವನು ಹೀಟರ್ ಆರಿಸುತ್ತಾನೆ. ನಿಯಂತ್ರಣ ಇದೆ ಎಂದಾಯಿತಲ್ಲ, ಹಾಗಾಗಿ ‘ಹೆಚ್ಚು’ ಎಂಬುದು ‘ಮಧ್ಯಮ’ವಾಯಿತು. ಮಧ್ಯಮದ್ದು ಆಡಿಟ್ ಸಮಿತಿಗೆ ಹೋಗುವುದಿಲ್ಲ. ಒಬ್ಬ ಮನುಷ್ಯನನ್ನು ಓವನ್ನಿನ ಪಕ್ಕದಲ್ಲಿ ಕೂರಿಸಿದ್ದರಿಂದ ಆ ಓವನ್ ಕಾಗದದ ಮೇಲೆ ಕಡಿಮೆ ಅಪಾಯದ್ದಾಯಿತು. ಇದು ನನಗೆ ಓದಿದ ತಕ್ಷಣ ಹೊಳೆಯಿತು ಎಂದು ಬರೆಯಲು ಆಸೆ. ಹೊಳೆಯಲಿಲ್ಲ. ಹಲವು ತಿಂಗಳು ಆ ಸಾಲನ್ನು ಬೇರೆ ಸಾಲುಗಳ ಹಾಗೆಯೇ ದಾಟಿಕೊಂಡು ಹೋಗಿದ್ದೆ.

ಕಣ್ಣು ತೆರೆಸಿದವರು ಮೆಂಟೆನೆನ್ಸ್ ಮುಖ್ಯಸ್ಥರು. ಬಾಗಲಕೋಟೆ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಆ ಸಾಲಿನಲ್ಲಿ ‘ಜವಾಬ್ದಾರಿ’ ಎಂದು ಇದ್ದದ್ದು ಅವರ ಹೆಸರು. ಇಡೀ ದಿನ ಹಿಂದಿ, ತೆಲುಗು ಆಡುವ ನಾವಿಬ್ಬರೂ ಸಿಕ್ಕಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದೆವು. ಕನ್ನಡದಲ್ಲಿ ಆಡಿದ್ದು ಯಾವ ನಡಾವಳಿಗೂ ಹೋಗುವುದಿಲ್ಲ ಎಂಬ ಧೈರ್ಯವೂ ಇತ್ತು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನನ್ನ ಎದುರು ಬಂದು ಕೂತರು.

“ಮೇಡಂ, ನಿಮ್ಮ ರಿಮೈಂಡರ್ ಬಂತ್ರಿ. ಭಾಳ ಛಲೋ ಬರದೀರಿ. ಆದ್ರ ನನಗ ಯಾಕ ಕಳಸ್ತೀರಿ?”

“ಮತ್ತ ಯಾರಿಗೆ ಕಳಸ್ಲಿ ಸರ್? ಹೆಸರು ನಿಮ್ದೇ ಅದ.”

“ಹೆಸರು ನಂದ ಐತ್ರಿ, ಓವನ್ ನಂದಲ್ಲ. ಹೊಸ ಸ್ವಿಚ್ ಯಾವಾಗೋ ಬಂದೈತಿ. ಸ್ಟೋರಿನ್ಯಾಗ ಡಬ್ಬಿ ಬಿಚ್ಚದಂಗ ಕುಂತೈತಿ. ಹಾಕಾಕ ಎರಡ ದಿನ ಓವನ್ ಬಂದ್ ಬೇಕು. ಪ್ರೊಡಕ್ಷನ್ನಿನವ್ರನ್ನ ಕೇಳಿದ್ರ ‘ಅಗಲೇ ಮಹೀನೇ’ ಅಂತಾರ. ಆ ಮುಂದಿನ ತಿಂಗಳ ಇನ್ನಾ ಹುಟ್ಟೇ ಇಲ್ಲ.”

“ಹಂಗಂತ ಬರದು ಕೊಡ್ರಿ.”

“ಬರದ್ರ ಜಗಳಾ. ನೀವ ಒಂದು ಕೆಲಸಾ ಮಾಡ್ರಿ. ನನ್ನ ಮ್ಯಾಲ ಚಾಡಿ ಹೇಳ್ರಿ.”

ನಾನು ನಕ್ಕೆ. ಅವರು ನಗಲಿಲ್ಲ.

“ಖರೇನ ಹೇಳಾಕತ್ತೀನಿ. ಡೈರೆಕ್ಟರ್ ಮುಂದ ನನ್ನ ಹೆಸರು ಕೆಂಪಗ ತೋರಸ್ರಿ. ಅವ್ರು ನನ್ನ ಕರದು ಬೈಲಿ. ಬೈದ್ರ, ‘ಓವನ್ ಕೊಡಂಗಿಲ್ರಿ ಸಾಹೇಬ್ರ’ ಅಂತ ಎಲ್ಲಾರ ಮುಂದ ಹೇಳಾಕ ಬರತೈತಿ. ಇಷ್ಟ ವರ್ಷ ಬೈಸ್ಕೊಂಡೀನಿ, ಇನ್ನೊಂದು ಹಿಡಸತೈತಿ ಹೊಟ್ಯಾಗ.”

ತನ್ನ ಮೇಲೆ ದೂರು ಕೊಡಿ ಎಂದು ಕೇಳಿದ ಅಧಿಕಾರಿಯನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಆದರೆ ಅದು ಅಷ್ಟು ಸುಲಭವಿರಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೂರು ತಿಂಗಳಿಗೊಮ್ಮೆ ಡೈರೆಕ್ಟರರ ಸಭೆ. ಅದರ ಹಿಂದಿನ ವಾರ ಎಲ್ಲ ವಿಭಾಗಗಳಿಂದಲೂ ಪತ್ರಗಳು ಬರುತ್ತವೆ, ‘ಅನಿವಾರ್ಯ ಕಾರಣಗಳಿಂದ ಗಡುವನ್ನು ಪರಿಷ್ಕರಿಸಬೇಕು’ ಎಂದು. ನಮ್ಮ ಸಾಹೇಬರು ಸಹಿ ಮಾಡುತ್ತಾರೆ. ಹೊಸ ತಾರೀಖು ತುಂಬಿದೊಡನೆ ಕೆಂಪು ಸಾಲು ಹಸಿರಾಗುತ್ತದೆ, ಗಡುವು ಈಗ ಮುಂದಿದೆಯಲ್ಲ. ಸಭೆಗೆ ಹೋಗುವ ವರದಿಯಲ್ಲಿ ಗಡುವು ಮೀರಿದ್ದು ಬಹಳ ಕಡಿಮೆ. ಯಾರೂ ಸುಳ್ಳು ಹೇಳುವುದಿಲ್ಲ. ನಾನೇ ಎಷ್ಟೋ ಸಲ ಆ ಹಸಿರನ್ನು ಕಂಡು, ಒಳ್ಳೆಯ ವರದಿ ಆಯಿತು ಎಂದುಕೊಂಡಿದ್ದೇನೆ. ಮೆಂಟೆನೆನ್ಸ್ ಮುಖ್ಯಸ್ಥರ ಹೆಸರಿನಲ್ಲೂ ಪ್ರತಿ ಸಲ ಅಂಥ ಪತ್ರ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವರು ಉತ್ಪಾದನಾ ವಿಭಾಗದವರು. ಮುಖ್ಯಸ್ಥರು ಸಹಿ ಮಾತ್ರ ಮಾಡುತ್ತಿದ್ದರು. ಹಾಗೆಂದು ಅವರೇ ಹೇಳಿದರು, ಅನ್ನಕ್ಕೆ ಬೇಳೆ ಕಲಸುತ್ತ.

ತಾತ್ಕಾಲಿಕ ಕ್ರಮ ಜಾರಿಯಲ್ಲಿದೆಯೇ ಎಂದು ಹೋಗಿ ನೋಡುವ ಅಧಿಕಾರ ನನಗಿತ್ತು. ನೋಡಿದ್ದೇನೆ ಎಂದು ಯಾರೂ ಅಲ್ಲಿವರೆಗೆ ಬರೆದಿರಲಿಲ್ಲ. ಹೋದೆ.

ಶೆಡ್ಡಿನ ವಾಸನೆ ಮೂಗಿಗಲ್ಲ, ಕಣ್ಣಿನ ಹಿಂದೆ ಎಲ್ಲೋ ತಾಗುವಂಥದ್ದು. ಓವನ್ನಿನ ಬಾಗಿಲು ಹಸಿರು ಬಣ್ಣದ್ದು, ನನಗಿಂತ ಎತ್ತರ. ಅದರ ಬಲಕ್ಕೆ, ನಾಲ್ಕು ಹೆಜ್ಜೆಯೂ ಇಲ್ಲದಷ್ಟು ಹತ್ತಿರ, ಅವನು. ಫ್ಯಾನ್ ಅಲ್ಲಿಂದ ಕಾಣುವುದೇ ಇಲ್ಲ, ಅದು ಛಾವಣಿಯ ಮೇಲೆ. ಕಾಣುವುದು ಮೇಲಿನ ಕಿಂಡಿಯಾಚೆ ಗಾಳಿ ಹೊರಬೀಳುವ ಕೊಳವೆಯ ಬಾಯಿ. ಅದರ ಜಾಲರಿಗೆ ಒಂದು ಬಟ್ಟೆಯ ಚೂರು ಕಟ್ಟಿತ್ತು. ಬಟ್ಟೆ ಅಡ್ಡಡ್ಡ ಹಾರುತ್ತಿತ್ತು. ಜೊತೆಗೆ ಬಂದಿದ್ದ ಮೆಂಟೆನೆನ್ಸ್ ಮುಖ್ಯಸ್ಥರು ನನ್ನ ಜೊತೆ ಕನ್ನಡದಲ್ಲಿ ಏನೋ ಹೇಳಿದ್ದನ್ನು ಕೇಳಿ ಅವನು ಎದ್ದು ನಿಂತ.

“ಅಕ್ಕಾರ, ನಮ್ಮ ಕಡೇದೋರೇನ್ರಿ?”

“ಕಲಬುರಗಿ ಕಡಿ.”

“ಅಯ್ಯ, ನಮ್ದು ಬೀದರ ಬಾಜೂಕ್ರಿ.” ಮುಖ ತುಂಬ ನಗು. ನಲವತ್ತರ ಆಚೀಚೆ ಇರಬೇಕು. ಗುತ್ತಿಗೆಯವನು.

“ಕೂಡ್ರಿ. ನಿಮ್ಮ ಕೆಲಸ ಏನು ಇಲ್ಲಿ?”

“ಅರಬಿ ನೋಡೂದ್ರಿ.” ಬಟ್ಟೆಯ ಕಡೆ ಕೈ ತೋರಿಸಿದ. “ಅದು ಹಾರ್ಲಕತ್ತಿದ್ರ ಎಲ್ಲಾ ಆರಾಮ. ಸುಮ್ಮ ಜೋತು ಬಿತ್ತಂದ್ರ ಈ ಕೆಂಪು ಗುಂಡಿ ಒತ್ತೂದು.”

“ಯಾವಾಗರೆ ಜೋತು ಬಿದ್ದದೇನು?”

“ಕರೆಂಟ್ ಹೋದಾಗ ಬೀಳ್ತದ. ಆಗ ಹೀಟರೂ ಹೋಗ್ತದಲ್ರಿ, ನಂದೇನು ಕೆಲಸ ಇಲ್ಲ.”

“ನೀರು ಕುಡ್ಯಾಕ, ಹೊರಗ ಹೋಗಾಕ ಏಳ್ತೀರಲ್ಲ, ಆಗ?”

“ಹೇಳಿ ಹೋಗ್ತೀನ್ರಿ.”

“ಯಾರಿಗಿ?”

“ಅರಬಿಗಿ. ‘ಬರೂತನಾ ಹಾರಿಕೋತ ಇರು ತಾಯಿ’ ಅಂತ.”

ಮೆಂಟೆನೆನ್ಸ್ ಮುಖ್ಯಸ್ಥರು ಬೇರೆ ಕಡೆ ನೋಡಿದರು. ಅವನು ಮಾತ್ರ ತನ್ನ ಜೋಕಿಗೆ ತಾನೇ ನಗುತ್ತಿದ್ದ. ತಲೆ ನೋಯುವುದಿಲ್ಲವೇ ಎಂದು ಕೇಳಿದೆ.

“ಸಂಜಿಮುಂದ ತಲಿ ಗಿಮ್ ಅಂತದ್ರಿ. ಭಂಗಿ ಕುಡದಂಗ. ನಮ್ಮ ಮನ್ಯಾಕಿ ದಿನಾ ಬಾಯಿ ಮೂಸಿ ನೋಡ್ತಾಳ. ರೊಕ್ಕ ಇಲ್ದ ನಿಶಾ ಎಲ್ಲಿ ಸಿಗ್ತದ ಹೇಳ್ರಿ.”

ಹೊರಡುವಾಗ ಎದ್ದು ಹತ್ತಿರ ಬಂದ. ಮಾತು ತಗ್ಗಿಸಿದ.

“ಅಕ್ಕಾರ, ಮಿಶಿನ್ ಕೂಡಸ್ತಾರಂತಲ್ಲ, ಖರೇನಾ?”

“ಹೌದು. ಆಗ ಇದನ್ನ ಮನುಷ್ಯ ನೋಡೂದು ಬೇಕಾಗೂದಿಲ್ಲ.”

“ಹಂಗಾದ್ರ ನಾನೂ ಬೇಕಾಗೂದಿಲ್ಲ. ಜರಾ ಸಾವಕಾಶ ಮಾಡಸ್ರಿ. ಮಗಳ ಹನ್ನೆರಡನೇತ್ತ ಮುಗೀಲಿ. ಇಲ್ಲಾಂದ್ರ ಯಾವಾಗ ಕೂಡಸ್ತಾರ ಅಷ್ಟರೆ ಫೋನ್ ಮಾಡಿ ತಿಳಸ್ರಿ, ಬ್ಯಾರೆ ಕಡಿ ನೋಡ್ಕೋತೀನಿ.” ನಂಬರ್ ಹೇಳಿದ. ಬರೆದುಕೊಂಡೆ.

ಅವನು ಹಾಗೆ ನನ್ನ ಹತ್ತಿರ ನಿಂತು ಮಾತಾಡುತ್ತಿರುವಾಗ ಆ ಬಟ್ಟೆಯನ್ನು ನೋಡುತ್ತಿದ್ದವರು ಯಾರು? ನಾನು. ನಾನು ಮಾತ್ರ. ಕೆಂಪು ಗುಂಡಿ ಅವನ ಬೆನ್ನ ಹಿಂದಿತ್ತು.

ಅಂದಿನಿಂದ ಆ ಸಾಲನ್ನು ತೆರೆದರೆ ಅದರಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ. ಸಾಲು ತೆರೆದಿರುವಷ್ಟು ದಿನವೂ ಅವನು ಅಲ್ಲಿ ಕೂರಬೇಕು, ಮುಚ್ಚಿದ ದಿನ ಅವನ ಅನ್ನ ಹೋಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರಬೇಕು ಎಂಬುದರಲ್ಲಿ ನನಗೆ ಗೊಂದಲವಿರಲಿಲ್ಲ. ಅವನನ್ನು ಮೊದಲು ಅಲ್ಲಿಂದ ಎಬ್ಬಿಸಬೇಕಿತ್ತು. ಮಲ್ಕಾಜ್‌ಗಿರಿಯ ನಮ್ಮ ಮನೆಯ ಅಡುಗೆಕೋಣೆಯ ಫ್ಯಾನಿಗೆ ನಾನೊಂದು ದಾರ ಕಟ್ಟಿ ನೋಡಿದೆ. ಎಷ್ಟು ಹೊತ್ತು ನೋಡುತ್ತ ಇರಬಹುದು ಎಂದು ತಿಳಿಯಲು. ಅವ್ವ ಬಂದು “ಏನು ನೋಡಾಕತ್ತೀದಿ?” ಎಂದಾಗ ತಿರುಗಿದೆ. ಮತ್ತೆ ದಾರದ ಕಡೆ ನೋಡಲು ಮರೆತೇಬಿಟ್ಟೆ, ಸಾರು ಕುದಿಯುತ್ತಿತ್ತು.

ಮುಂದಿನ ಸಭೆಯ ಹಿಂದಿನ ವಾರ ಎಂದಿನಂತೆ ಗಡುವು ಪರಿಷ್ಕರಣೆಯ ಪತ್ರ ಬಂತು. ಅದು ಮೂರನೆಯದು. ನಮ್ಮ ನಿಯಮದಲ್ಲಿ ಯಾರೂ ಓದದ ಒಂದು ಸಾಲು ಇತ್ತು: ಎರಡು ಸಲ ಮುಂದೂಡಿದ ಗಡುವನ್ನು ಮತ್ತೆ ಮುಂದೂಡಬೇಕಾದರೆ, ಅಪಾಯ ಮಧ್ಯಮವಾದರೂ, ಡೈರೆಕ್ಟರರೇ ಒಪ್ಪಬೇಕು. ಅದನ್ನು ಗುರುತು ಮಾಡಿ ನಮ್ಮ ಸಾಹೇಬರ ಮುಂದಿಟ್ಟೆ. ವರದಿಯಲ್ಲಿ ಎರಡು ಕಾಲಮ್ ಸೇರಿಸಿದ್ದೆ, ‘ಮೊದಲ ಗಡುವು’ ಮತ್ತು ‘ಎಷ್ಟು ಸಲ ಮುಂದೂಡಿದೆ’. ಅಪಾಯವನ್ನು ಮತ್ತೆ ‘ಹೆಚ್ಚು’ ಎಂದು ಮಾಡಬೇಕೆಂದೂ ಬರೆದಿದ್ದೆ. ಸಾಹೇಬರು ತೆಲುಗಿನವರು, ಮೆದು ಮಾತಿನವರು, ಯಾರನ್ನೂ ನೋಯಿಸದೆ ಇಪ್ಪತ್ತೈದು ವರ್ಷ ದಾಟಿಸಿದವರು.

“ಕಂಟ್ರೋಲ್ ಉಂದಿ ಕದಮ್ಮಾ,” ಎಂದರು. ನಿಯಂತ್ರಣ ಇದೆಯಲ್ಲ ಎಂದು.

“ಇದೆ ಸರ್. ಆ ಕಂಟ್ರೋಲಿಗೆ ಬಾಯಾರಿಕೆ ಆಗುತ್ತದೆ,” ಎಂದೆ.

ಎಂದೆನೇ? ಈ ಮಾತು ಬಹಳ ಚೆನ್ನಾಗಿದೆ, ಅದಕ್ಕೇ ಅನುಮಾನ. ಆಗ ನಾನು ಬರೀ “ಇದೆ ಸರ್” ಎಂದಿರಬೇಕು. ಉಳಿದದ್ದು ಮನೆಗೆ ಹೋಗುವಾಗ ರೈಲಿನಲ್ಲಿ ಹೊಳೆದದ್ದು. ಏನಾದರಾಗಲಿ, ಸಾಹೇಬರು ಬಹಳ ಹೊತ್ತು ಪೆನ್ನು ತಿರುಗಿಸಿದರು. ಎರಡು ಕಾಲಮುಗಳನ್ನು ಉಳಿಸಿದರು, ಮೂರನೆಯ ಪತ್ರಕ್ಕೆ ಸಹಿ ಮಾಡಲಿಲ್ಲ. ‘ಹೆಚ್ಚು’ ಎಂಬುದನ್ನು ಮಾತ್ರ ಹೊಡೆದು ಹಾಕಿ, “ಅದು ಡೈರೆಕ್ಟರರೇ ಹೇಳಲಿ,” ಎಂದರು. ಅವರ ಮಟ್ಟಿಗೆ ಅದೂ ಧೈರ್ಯವೇ.

ಸಭೆಯಲ್ಲಿ ಆ ಸಾಲು ಪರದೆಯ ಮೇಲೆ ಬಂದಾಗ ಕೆಂಪಾಗಿತ್ತು. ಕೆಳಗೆ ರಸ್ತೆಯಲ್ಲಿ ಅಂಗಡಿಯವನೊಬ್ಬ ಮೈಕಿನಲ್ಲಿ ರಿಯಾಯಿತಿ ಕೂಗುತ್ತಿದ್ದ. ಮೆಂಟೆನೆನ್ಸ್ ಮುಖ್ಯಸ್ಥರು ಬೈಸಿಕೊಳ್ಳಲು ಸಿದ್ಧರಾಗಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಡೈರೆಕ್ಟರರು ಮೊದಲ ಗಡುವನ್ನು ನೋಡಿ ಹುಬ್ಬು ಗಂಟಿಕ್ಕಿದರು. ಯಾಕೆ ಆಗಿಲ್ಲ? ಮೆಂಟೆನೆನ್ಸಿನವರು ಹೇಳಿದರು, ಓವನ್ ಬಿಟ್ಟುಕೊಡುತ್ತಿಲ್ಲ ಎಂದು. ಉತ್ಪಾದನೆಯ ಮುಖ್ಯಸ್ಥರು ಹೇಳಿದರು, ಕೈಯಲ್ಲಿರುವ ಆರ್ಡರ್ ಹೋಗದೆ ಬಿಟ್ಟುಕೊಡಲಾಗದು ಎಂದು. ಎರಡೂ ನಿಜ.

“ಕಂಟ್ರೋಲ್ ತೋ ಹೈ ನಾ?” ಎಂದು ಕೇಳಿದರು ಡೈರೆಕ್ಟರ್.

“ಹೈ ಸರ್. ಆದ್ಮಿ ಬಿಠಾಯಾ ಹೈ,” ಎಂದರು ಉತ್ಪಾದನೆಯವರು. ಮನುಷ್ಯನನ್ನು ಕೂರಿಸಿದ್ದೇವೆ.

ನಾನು ಎದ್ದು ಮಾತಾಡಿದೆ. ಇದು ನೆನಪಿದೆ, ಏಕೆಂದರೆ ನಡಾವಳಿಯಲ್ಲಿ ‘ಆಡಿಟ್ ವಿಭಾಗ ಆತಂಕ ವ್ಯಕ್ತಪಡಿಸಿತು’ ಎಂದಿದೆ. ಅವನು ನೀರು ಕುಡಿಯಲು ಏಳುತ್ತಾನೆ, ಆಗ ನೋಡುವವರಿಲ್ಲ ಎಂದೆ. ಇಡೀ ದಿನ ಒಂದೇ ಬಟ್ಟೆಯನ್ನು ನೋಡಲು ಯಾರಿಂದಲೂ ಆಗದು ಎಂದೆ. ಏನಾದರೂ ಆದರೆ ಎಲ್ಲರಿಗಿಂತ ಹತ್ತಿರ ಇರುವವನೂ ಅವನೇ ಎಂದೆ. ಡೈರೆಕ್ಟರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ಕೆಟ್ಟವರಲ್ಲ, ನಿಜವಾಗಿಯೂ ಯೋಚಿಸಿದರು. ಆಮೇಲೆ ತೀರ್ಮಾನ ಹೇಳಿದರು. ಆರ್ಡರ್ ಹೋದ ಮರುವಾರವೇ ಓವನ್ ಬಂದ್, ತಾರೀಖು ಇದು, ಇನ್ನು ಮುಂದೂಡುವಂತಿಲ್ಲ. ಆರ್ಡರ್ ಹೋಗಲು ಇನ್ನೂ ಒಂದೂವರೆ ತಿಂಗಳಿತ್ತು. “ಅಲ್ಲಿವರೆಗೆ ಮೇಡಂ ಹೇಳಿದ್ದು ಸರಿ, ಒಬ್ಬ ಸಾಲದು,” ಎಂದರು. “ಇಬ್ಬರನ್ನು ಕೂರಿಸಿ.”

ಎಲ್ಲರ ಮುಖದಲ್ಲೂ ಬಿಡುಗಡೆ ಕಾಣಿಸಿತು. ನಮ್ಮ ಸಾಹೇಬರು ನನ್ನ ಕಡೆ ತಲೆಯಾಡಿಸಿದರು, ಗೆದ್ದೆಯಲ್ಲ ಎನ್ನುವಂತೆ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಮುಂದಿನ ಸಾಲು ಬಂದಿತ್ತು, ಯಾವುದೋ ಗೋದಾಮಿನ ಬೀಗದ ಕೈಯದು. ನಡಾವಳಿಯಲ್ಲಿ ‘ತಾತ್ಕಾಲಿಕ ನಿಯಂತ್ರಣವನ್ನು ಬಲಪಡಿಸಲಾಗಿದೆ’ ಎಂದು ಬಂತು. ಅಪಾಯ ಮಧ್ಯಮವಾಗಿಯೇ ಉಳಿಯಿತು. ಈಗ ಅದನ್ನು ‘ಹೆಚ್ಚು’ ಮಾಡಲು ಇನ್ನೂ ಕಡಿಮೆ ಕಾರಣವಿತ್ತು.

ಮೆಟ್ಟಿಲಿಳಿಯುವಾಗ ಮೆಂಟೆನೆನ್ಸ್ ಮುಖ್ಯಸ್ಥರು ನನ್ನ ಜೊತೆ ಬಂದರು.

“ಬೈಸ್ಕೊಳ್ಳಾಕ ಬಂದಿದ್ದೆ ಮೇಡಂ. ಬೈಲೇ ಇಲ್ಲ. ಮ್ಯಾಲ ಒಬ್ಬ ಮನಶ್ಯಾನ್ನ ಕೊಟ್ಟು ಕಳಿಸಿದ್ರು.”

“ತಾರೀಖರೆ ಸಿಕ್ತಲ್ರಿ.”

“ಸಿಕ್ತು. ಓವನ್ನಿಗೆ ಆ ತಾರೀಖ ಯಾರ ಹೇಳವ್ರು?”

ಕೆಲವು ವಾರಗಳ ನಂತರ ಮತ್ತೆ ಶೆಡ್ಡಿಗೆ ಹೋದೆ. ಈಗ ಇಬ್ಬರು. ಎರಡನೆಯವನು ಒಡಿಶಾದ ಕಡೆಯವನು, ಬಹಳ ಚಿಕ್ಕವನು, ಹಿಂದಿಯೂ ಅಷ್ಟಕ್ಕಷ್ಟೆ. ನಾನು ಹೋದಾಗ ಇಬ್ಬರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕಲ್ಲಾಡುತ್ತಿದ್ದರು. ಬೀದರಿನವನು ಎದ್ದು ನಿಂತ. ಈ ಸಲ ನಿಂತಲ್ಲಿ ಸ್ವಲ್ಪ ತೂಗಾಡಿದ. ಕಣ್ಣು ಕೆಂಪಗಿದ್ದವು.

“ಈಗ ಆರಾಮ ಅದ್ರಿ ಅಕ್ಕಾರ. ಅರಬಿಗಿ ಹೇಳೂ ಜರೂರ ಇಲ್ಲ. ಇಂವಗ ಹೇಳಿ ಹೋಗ್ತೀನಿ.”

“ಮತ್ತ ಅಂವ?”

“ಅಂವ ನನಗ ಹೇಳ್ತಾನ.”

“ಏನಂತ? ನಿಮ್ಮ ಮಾತು ಅಂವಗ ತಿಳೀತದೇನು?”

“ತಿಳೀದಿಲ್ಲ. ತಲಿ ಹಾಕ್ತಾನ.” ನಕ್ಕ.

ಆ ಹುಡುಗ ತಲೆಯಾಡಿಸಿ ತೋರಿಸಿದ. ಇಬ್ಬರ ಕಣ್ಣೂ ನನ್ನ ಮೇಲೆ. ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನು ನಿಂತಷ್ಟು ಹೊತ್ತು ಅವರು ಮೇಲೆ ನೋಡುವುದಿಲ್ಲ ಎಂದು ಅರ್ಥವಾಗಿತ್ತು. ಕಚೇರಿಗೆ ಬಂದು ಸಾಹೇಬರಿಗೂ ಸುರಕ್ಷಾ ಅಧಿಕಾರಿಗೂ ಪತ್ರ ಬರೆದೆ: ನೋಡುವವರಿಗೆ ಆವಿ ತಾಗುತ್ತಿದೆ, ಓವನ್ನನ್ನು ಕೂಡಲೇ ನಿಲ್ಲಿಸಬೇಕು. ಉತ್ತರ ಬಂತು. ಓವನ್ ನಿಲ್ಲಿಸುವ ತಾರೀಖನ್ನು ಡೈರೆಕ್ಟರರು ಈಗಾಗಲೇ ನಿಗದಿ ಮಾಡಿದ್ದಾರೆ, ಅದನ್ನು ಕೆಳಗಿನ ಮಟ್ಟದಲ್ಲಿ ಬದಲಿಸುವಂತಿಲ್ಲ. ಹಿಂದಕ್ಕಾಗಲಿ ಮುಂದಕ್ಕಾಗಲಿ ಎಂದು ಸೇರಿಸಿದ್ದರು, ನ್ಯಾಯವಾಗಿ.

ಆ ತಾರೀಖಿಗೆ ಇನ್ನೂ ಕೆಲವೇ ದಿನ ಇರುವಾಗ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ, ಮೆಂಟೆನೆನ್ಸ್ ಮುಖ್ಯಸ್ಥರ ಫೋನ್ ಬಂತು.

“ಮೇಡಂ, ಓವನ್ನಿನ ಬಾಗಲಾ ಹಾರೇತ್ರಿ.”

ಫ್ಯಾನಿನ ಬೆಲ್ಟ್ ಹರಿದಿತ್ತು. ಮೋಟಾರು ತಿರುಗುತ್ತಲೇ ಇತ್ತು, ಸದ್ದು ಎಂದಿನಂತೆ ಬರುತ್ತಲೇ ಇತ್ತು. ಗಾಳಿ ಮಾತ್ರ ಇರಲಿಲ್ಲ. ಬಟ್ಟೆ ಜೋತು ಬಿದ್ದಿರಬೇಕು. ಯಾರೂ ಗುಂಡಿ ಒತ್ತಿರಲಿಲ್ಲ. ಆವಿ ತುಂಬಿ ಹೊತ್ತಿಕೊಂಡಿತ್ತು. ಒಂದೇ ಸದ್ದು, ಒಂದು ಗಳಿಗೆಯ ಜ್ವಾಲೆ. ಹಸಿರು ಬಾಗಿಲು ಎದುರಿನ ಗೋಡೆಗೆ ಹೋಗಿ ಬಡಿದಿತ್ತು.

“ಜನ?” ಎಂದೆ.

“ಯಾರಿಗೂ ಏನೂ ಆಗಿಲ್ಲಂತ ಬರದಾರ್ರಿ.”

“ಬರದಾರೋ, ಆಗಿಲ್ಲೋ?”

ಫೋನಿನಲ್ಲಿ ಹಿಂದಿನಿಂದ ನೀರು ಬಡಿಯುವ ಸದ್ದು ಕೇಳುತ್ತಿತ್ತು.

“ನಾ ಹೋಗೂದ್ರಾಗ ಅಲ್ಲಿ ಯಾರೂ ಇರಲಿಲ್ರಿ,” ಎಂದರು.

ಓವನ್ ಈಗ ತಾನಾಗಿ ಬಂದ್ ಆಗಿತ್ತು. ಹೊಸ ಬಾಗಿಲು ಬಂತು, ಸ್ಟೋರಿನ ಡಬ್ಬಿ ಬಿಚ್ಚಿದರು, ಸ್ವಿಚ್ ಕೂಡಿಸಿದರು, ವೈರಿನ ತುಂಡನ್ನು ಕಿತ್ತರು. ಪರೀಕ್ಷೆ ನೋಡಲು ನನ್ನನ್ನು ಕರೆದರು. ಖಾಲಿ ಓವನ್ ಬಿಸಿ ಮಾಡಿ ಫ್ಯಾನ್ ನಿಲ್ಲಿಸಿದರು, ಹೀಟರ್ ಠಕ್ಕೆಂದು ಆರಿತು. ಅದು ಸಾಲದೆಂದೆ. ಫ್ಯಾನ್ ತಿರುಗುತ್ತಿರುವಾಗಲೇ ಕೊಳವೆಯ ಬಾಯಿಗೆ ತಗಡು ಮುಚ್ಚಿ ಗಾಳಿ ತಡೆಯಲು ಹೇಳಿದೆ. ಹೀಟರ್ ಆಗಲೂ ಆರಿತು. ನಾನು ಸಾಲು ಮುಚ್ಚಿದೆ. ಆ ಪರೀಕ್ಷೆ ನಿಜವಾಗಿಯೂ ಸರಿಯಾಗಿತ್ತು, ಈಗಲೂ ಅದರ ಬಗ್ಗೆ ನನಗೆ ಅನುಮಾನವಿಲ್ಲ. ತಾತ್ಕಾಲಿಕ ಕ್ರಮ ಇನ್ನು ಬೇಕಿಲ್ಲವಾದ್ದರಿಂದ ಇಬ್ಬರ ಗೇಟ್‌ಪಾಸೂ ರದ್ದಾಯಿತು.

ಶೆಡ್ಡಿನಲ್ಲಿ ಅವರನ್ನು ಆಮೇಲೆ ಕಂಡವರಿಲ್ಲ. ಗುತ್ತಿಗೆದಾರನನ್ನು ಕೇಳಿದೆ. ‘ಗಾಂವ್ ಚಲೇ ಗಯೇ’ ಎಂದ, ಊರಿಗೆ ಹೋದರು ಎಂದು. ಯಾವಾಗ? ಮೊದಲೇ. ಮೊದಲು ಎಂದರೆ? ಕೈ ಆಡಿಸಿದ. ಹಾಜರಿ ನೋಡಿದರೆ ಇಬ್ಬರೂ ತಿಂಗಳಿಡೀ ಹಾಜರು. ಬಾಗಿಲಿಲ್ಲದ ಓವನ್ ತಣ್ಣಗೆ ಬಿದ್ದಿದ್ದ ದಿನಗಳಲ್ಲೂ ಹಾಜರು, ಭಾನುವಾರಗಳಲ್ಲೂ ಹಾಜರು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಮೆಂಟೆನೆನ್ಸ್ ಮುಖ್ಯಸ್ಥರು ಯಾರೋ ಹೇಳಿದರೆಂದು “ಆರಾಮ ಅದಾನಂತ್ರಿ” ಎಂದರು. ಯಾರು ಹೇಳಿದರು ಎಂದರೆ ಅವರಿಗೂ ನೆನಪಿರಲಿಲ್ಲ. ಆ ವರ್ಷವೇ ನಿವೃತ್ತರಾಗಿ ಊರಿಗೆ ಹೋದರು.

ನಾನು ಒಂದು ಹೊಸ ಸಾಲು ತೆರೆಸಿದೆ: ಕರ್ತವ್ಯದಲ್ಲಿದ್ದ ಇಬ್ಬರ ವೈದ್ಯಕೀಯ ತಪಾಸಣೆ ಆಗಬೇಕು, ವರದಿ ಒದಗಿಸಬೇಕು. ಗಡುವು ಕಳೆಯಿತು. ಗುತ್ತಿಗೆ ವಿಭಾಗಕ್ಕೆ ಜ್ಞಾಪನಪತ್ರ ಕಳಿಸಿದೆ, ಅವರ ಮೇಲಿನವರಿಗೂ ಕಳಿಸಿದೆ. ಡೈರೆಕ್ಟರರ ಸಭೆಗೂ ಒಯ್ದೆ, ಅಷ್ಟರಲ್ಲಿ ಡೈರೆಕ್ಟರರು ಬದಲಾಗಿದ್ದರು. ಗುತ್ತಿಗೆ ವಿಭಾಗದ ಉತ್ತರ ಒಂದೇ ಸಾಲಿನದು: ‘ಸದರಿಯವರು ಈಗ ಸಂಸ್ಥೆಯ ಸೇವೆಯಲ್ಲಿಲ್ಲ, ಆದ್ದರಿಂದ ಅನ್ವಯಿಸುವುದಿಲ್ಲ.’ ನನ್ನ ಆಕ್ಷೇಪ ದಾಖಲಾಯಿತು, ಸಾಲು ಮುಚ್ಚಿತು. ಕೆಲವು ತಿಂಗಳ ನಂತರ ನನ್ನನ್ನು ಬೇರೆ ಮೇಜಿಗೆ ಹಾಕಿದರು.

ಬೀದರಿನವನ ನಂಬರಿಗೆ ನಾನು ಫೋನ್ ಮಾಡಿದ್ದೆ. ಒಮ್ಮೆ ಮಾತ್ರ ಎತ್ತಿದರು. ಹುಡುಗಿಯ ದನಿ. “ಅಪ್ಪ ಮಕ್ಕೊಂಡಾನ್ರಿ,” ಎಂದಳು. ಹೇಗಿದ್ದಾರೆ ಎಂದು ಕೇಳುವಷ್ಟರಲ್ಲಿ ಕಡಿದುಹೋಯಿತು. ಆಮೇಲೆ ಹತ್ತಾರು ಸಲ ಮಾಡಿದೆ, ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ತೆಲುಗಿನಲ್ಲಿ ಹೇಳುತ್ತಿತ್ತು. ಇಷ್ಟು ವರ್ಷ ನಾನು ಹುಡುಗಿಯ ಆ ಉತ್ತರವನ್ನು ಅವನು ಬದುಕಿದ್ದಾನೆ ಎನ್ನುವುದಕ್ಕೆ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ. ಈಗ ಬರೆಯಲು ಕೂತಾಗ ನೆನಪಾಗುತ್ತಿದೆ, ಓವನ್ ಬಂದ್ ಮಾಡುವ ತಾರೀಖು ತಿಳಿಸಲೆಂದು ಸಭೆಯಾದ ಮರುದಿನವೂ ಅವನಿಗೆ ಫೋನ್ ಮಾಡಿದ್ದೆ. ಹುಡುಗಿ ಎತ್ತಿದ್ದು ಆ ಸಲವೋ, ಬಾಗಿಲು ಹಾರಿದ ಮೇಲೆ ಮಾಡಿದ ಸಲವೋ? ಆ ಫೋನ್ ಈಗ ನನ್ನ ಹತ್ತಿರ ಇಲ್ಲ. ಅವಳ ದನಿ ನೆನಪಿದೆ, ಅದರಲ್ಲಿ ಅಳು ಇರಲಿಲ್ಲ, ನಗುವೂ ಇರಲಿಲ್ಲ.

ಬಾಗಿಲು ಹಾರಿದಾಗ ಅವನು ಅಲ್ಲಿ ಇದ್ದನೇ ಎಂಬುದು ನನಗೆ ಗೊತ್ತಿಲ್ಲ. ಆ ಚಿಕ್ಕವನು ಇದ್ದನೇ ಎಂಬುದೂ ಗೊತ್ತಿಲ್ಲ.